ಮೊದಲು 30, ಆಮೇಲೆ ಸೂತ್ರ

ತುಮಕೂರಿನಂಥ ಊರಿಗೆ ಎಂ.ಡಿ. ಓದಲು ಬಂದ ವಿದ್ಯಾರ್ಥಿಯು ತನ್ನ ಪ್ರಬಂಧದ ಮುಂಗಡ ಯೋಜನೆಯಾದ ಸಿನಾಪ್ಸಿಸ್‌ನಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯಲೇಬೇಕು: ಅಧ್ಯಯನಕ್ಕೆ ಎಷ್ಟು ರೋಗಿಗಳು ಬೇಕು, ಮತ್ತು ಅಷ್ಟೇ ಏಕೆ ಬೇಕು. ಮೊದಲನೆಯದಕ್ಕೆ ಉತ್ತರವು ವಿದ್ಯಾರ್ಥಿ ಕಾಲೇಜಿಗೆ ಕಾಲಿಡುವ ಮುನ್ನವೇ ಸಿದ್ಧವಾಗಿರುತ್ತದೆ. ಗುಂಪಿಗೆ 30, ಎರಡು ಗುಂಪಿಗೆ 60. ಸಕ್ಕರೆ ಕಾಯಿಲೆಯ ಮಾತ್ರೆಯಾದರೂ 60, ಮಂಡಿನೋವಿನ ಇಂಜೆಕ್ಷನ್ ಆದರೂ 60. ರೋಗ ಬದಲಾಗಬಹುದು, ಮದ್ದು ಬದಲಾಗಬಹುದು, ಗೈಡ್ ಕೂಡ ವರ್ಗವಾಗಬಹುದು; 60 ಮಾತ್ರ ಅಚಲ. ಇದಕ್ಕೆ ಶಾಸ್ತ್ರಾಧಾರ ಕೇಳಿದರೆ, 30 ದಾಟಿದ ಮಾದರಿಯ ಸರಾಸರಿಯು ನಾರ್ಮಲ್ ಹಂಚಿಕೆಗೆ ಹತ್ತಿರವಾಗುತ್ತದೆಂಬ ಪಠ್ಯಪುಸ್ತಕದ ಸಾಲನ್ನು ತೋರಿಸುತ್ತಾರೆ. ಆ ಸಾಲು ಸರಾಸರಿಯ ನಡವಳಿಕೆಯ ಬಗ್ಗೆ ಹೇಳುತ್ತದೆಯೇ ಹೊರತು, ಎರಡು ಮದ್ದುಗಳ ನಡುವಿನ ವ್ಯತ್ಯಾಸವನ್ನು ಹಿಡಿಯಲು 30 ಜನ ಸಾಕೆಂದು ಎಲ್ಲಿಯೂ ಹೇಳುವುದಿಲ್ಲ.

ಕಷ್ಟವಿರುವುದು ಎರಡನೆಯ ಪ್ರಶ್ನೆಯಲ್ಲಿ. ಅದಕ್ಕಾಗಿ ವಿದ್ಯಾರ್ಥಿಯು ಸಮುದಾಯ ವೈದ್ಯಕೀಯ ವಿಭಾಗದ ಮೂಲೆಯಲ್ಲಿ ಕುಳಿತಿರುವ ಸಂಖ್ಯಾಶಾಸ್ತ್ರದ ಮೇಡಂ ಬಳಿ ಹೋಗುತ್ತಾನೆ. “ಮೇಡಂ, 30 ಬರೋ ಹಾಗೆ ಒಂದು ಲೆಕ್ಕ ಮಾಡಿಕೊಡಿ, ನಾಳೆ ಸಬ್ಮಿಷನ್ ಇದೆ” ಎನ್ನುತ್ತಾನೆ. ಛತ್ರವನ್ನು ಮೊದಲೇ ಬುಕ್ ಮಾಡಿ, ಆಮೇಲೆ ಜೋಯಿಸರ ಬಳಿ ಮುಹೂರ್ತ ಕೇಳಲು ಹೋದಂತೆ ಇದು. ಜೋಯಿಸರಿಗೆ ಅಭಿಜಿನ್ ಲಗ್ನವಿದೆ; ಮೇಡಂಗೆ ಈ ಸೂತ್ರವಿದೆ:

```
n = 2 (Zα + Zβ)² σ² / Δ²
```

ಇದು ಎರಡು ಗುಂಪುಗಳ ಸರಾಸರಿಯನ್ನು ಹೋಲಿಸುವಾಗ ಪ್ರತಿ ಗುಂಪಿಗೆ ಬೇಕಾದ ಸಂಖ್ಯೆ. ಇಲ್ಲದ ವ್ಯತ್ಯಾಸವನ್ನು ಇದೆ ಎಂದುಬಿಡುವ ಅಪಾಯಕ್ಕೆ ಹಾಕುವ ಮಿತಿ ಸಿಗ್ನಿಫಿಕೆನ್ಸ್, ಇರುವ ವ್ಯತ್ಯಾಸವನ್ನು ಹಿಡಿಯುವ ಸಾಧ್ಯತೆ ಪವರ್. ಶೇ. 5ರ ಸಿಗ್ನಿಫಿಕೆನ್ಸ್‌ಗೆ Zα 1.96, ಶೇ. 80ರ ಪವರ್‌ಗೆ Zβ 0.84. ಇವೆರಡರಲ್ಲಿ ಕೈಯಾಡಿಸಿದರೆ ಯಾರಾದರೂ ಕೇಳುತ್ತಾರೆ, ಹಾಗಾಗಿ ಅವನ್ನು ಮುಟ್ಟುವವರು ಕಡಿಮೆ. ಉಳಿಯುವುದು ಎರಡು: ರೋಗಿಯಿಂದ ರೋಗಿಗೆ ಫಲಿತಾಂಶ ಎಷ್ಟು ಚದುರಿರುತ್ತದೆಂಬ σ, ಅಂದರೆ ಎಸ್‌ಡಿ, ಮತ್ತು ಯಾವ ವ್ಯತ್ಯಾಸವನ್ನು ಹಿಡಿಯಬೇಕೆಂದು ಹೊರಟಿದ್ದೇವೆಂಬ Δ. ಕಲೆಯೆಲ್ಲ ಇಲ್ಲಿಯೇ ಇದೆ.

ಉದಾಹರಣೆಗೆ, ಸಕ್ಕರೆ ಕಾಯಿಲೆಗೆ ಈಗಿರುವ ಮಾತ್ರೆಯ ಜೊತೆ ಇನ್ನೊಂದನ್ನು ಸೇರಿಸಿದರೆ ಮೂರು ತಿಂಗಳ ನಂತರ, ರಕ್ತದ ಸರಾಸರಿ ಸಕ್ಕರೆಯ ಮಟ್ಟ ತೋರಿಸುವ ಎಚ್‌ಬಿಎ1ಸಿ ಎಷ್ಟು ಹೆಚ್ಚು ಇಳಿಯುತ್ತದೆಂದು ನೋಡುವ ಅಧ್ಯಯನವನ್ನು ಊಹಿಸಿಕೊಳ್ಳೋಣ. ಚಿಕಿತ್ಸೆಯ ದೃಷ್ಟಿಯಿಂದ ಲೆಕ್ಕಕ್ಕೆ ಬರುವ ವ್ಯತ್ಯಾಸ 0.5 ಎಂದು ವೈದ್ಯರು ಸಾಮಾನ್ಯವಾಗಿ ಒಪ್ಪುತ್ತಾರೆ. ಎಸ್‌ಡಿ 1.2 ಎಂದಿಟ್ಟುಕೊಂಡರೆ, 15.68 ಗುಣಿಸು 1.44, ಭಾಗಿಸು 0.25, ಉತ್ತರ 90.3, ಅಂದರೆ ಗುಂಪಿಗೆ 91. ವಿದ್ಯಾರ್ಥಿಯ ಮುಖ ಬಾಡುತ್ತದೆ. ಒಪಿಡಿಯಲ್ಲಿ ರೋಗಿಗಳಿಗೇನೂ ಬರವಿಲ್ಲ, ಆದರೆ ಅವರು ಮೂರು ತಿಂಗಳು ಬಿಟ್ಟು ಮತ್ತೆ ಬರಬೇಕಲ್ಲ.

ಮೇಡಂ ದಯಾಳು. Δವನ್ನು 0.87 ಎಂದು ಬರೆದುಕೊಡುತ್ತಾರೆ. ಈಗ ಉತ್ತರ 29.8, ಅಂದರೆ ಕರಾರುವಾಕ್ಕಾಗಿ 30. ಸಿನಾಪ್ಸಿಸ್‌ನಲ್ಲಿ “0.87ರ ವ್ಯತ್ಯಾಸವನ್ನು ಕ್ಲಿನಿಕಲ್ ಆಗಿ ಮಹತ್ವದ್ದೆಂದು ಪರಿಗಣಿಸಲಾಗಿದೆ” ಎಂಬ ವಾಕ್ಯ ಕಾಣಿಸಿಕೊಳ್ಳುತ್ತದೆ. ಪರಿಗಣಿಸಿದವರು ಯಾರು, 0.8ನ್ನು ಅವರು ಏಕೆ ತಿರಸ್ಕರಿಸಿದರು, 0.9 ಯಾವ ಅಪರಾಧ ಮಾಡಿತ್ತು ಎಂಬುದು ಗುಟ್ಟು. ಇಂಥ ಲೆಕ್ಕವನ್ನು ಗುರುತಿಸಬೇಕೆಂದರೆ ಇದೇ ಒಳ್ಳೆಯ ಸುಳಿವು: ನಿಜವಾಗಿ ರೋಗಿಯ ಹಿತ ಯೋಚಿಸಿ ಇಟ್ಟ Δ ಸಾಮಾನ್ಯವಾಗಿ 0.5 ಎಂಬಂಥ ಸಭ್ಯ ಸಂಖ್ಯೆಯಾಗಿರುತ್ತದೆ, ಉತ್ತರದಿಂದ ಹಿಂದಕ್ಕೆ ನಡೆದು ಬಂದ Δಕ್ಕೆ ಹೀಗೆ ವಿಚಿತ್ರವಾದ ಬಾಲವಿರುತ್ತದೆ.

ಇನ್ನೂ ನಾಜೂಕಾದವರು Δವನ್ನು 0.5ರಲ್ಲಿಯೇ ಬಿಟ್ಟು ಎಸ್‌ಡಿಯನ್ನು 0.69ಕ್ಕೆ ಇಳಿಸುತ್ತಾರೆ, ಆಗಲೂ 30 ಬರುತ್ತದೆ, ಮೇಲೊಂದು ಉಲ್ಲೇಖವೂ ಸಿಗುತ್ತದೆ. ಉಲ್ಲೇಖಿಸಿದ ಲೇಖನವನ್ನು ತೆರೆದು ನೋಡುವವರು ಯಾರೂ ಇಲ್ಲವೆಂಬ ನಂಬಿಕೆಯ ಮೇಲೆ ಈ ವಿಧಾನ ನಿಂತಿದೆ. ತೆರೆದು ನೋಡಿದರೆ, ಅಲ್ಲಿ ಎಚ್‌ಬಿಎ1ಸಿ 7ರಿಂದ 8ರೊಳಗೆ ಇದ್ದವರನ್ನು ಮಾತ್ರ ಆರಿಸಿಕೊಂಡಿರುವುದು ತಿಳಿಯಬಹುದು. ಅಂಥವರ ಸಂಖ್ಯೆಗಳು ಒತ್ತೊತ್ತಾಗಿರುವುದರಲ್ಲಿ ಆಶ್ಚರ್ಯವೇನಿಲ್ಲ. ಪಾವಗಡದಿಂದ, ಶಿರಾದಿಂದ 7ರವರೂ 12ರವರೂ ಒಂದೇ ಸಾಲಿನಲ್ಲಿ ನಿಲ್ಲುವ ನಮ್ಮ ಒಪಿಡಿಗೆ ಆ ಚದುರುವಿಕೆಯನ್ನು ತಂದು ಅಂಟಿಸುವುದು ಹೇಗೆ? ಕೆಲವೊಮ್ಮೆ ಕೋಷ್ಟಕದ ± ಗುರುತಿನ ಮುಂದಿರುವುದು ಎಸ್‌ಡಿಯೇ ಅಲ್ಲ, ಸ್ಟ್ಯಾಂಡರ್ಡ್ ಎರರ್ ಆಗಿರುತ್ತದೆ. ಅದು ಎಸ್‌ಡಿಯನ್ನು ರೋಗಿಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ ಬಂದದ್ದು, ಆದ್ದರಿಂದ ಬಹಳ ಚಿಕ್ಕದು. ಅದನ್ನು ಸೂತ್ರಕ್ಕೆ ಹಾಕಿದರೆ ಗುಂಪಿಗೆ ಇಬ್ಬರು ರೋಗಿಗಳೇ ಸಾಕೆಂದು ಬರಬಹುದು. ಆಗ ಮಾತ್ರ ವಿದ್ಯಾರ್ಥಿಯು ದೊಡ್ಡ ಮನಸ್ಸು ಮಾಡಿ 30ಕ್ಕೆ ಏರಿಸುತ್ತಾನೆ.

ಶೇ. 10ರ ಡ್ರಾಪ್‌ಔಟ್ ಎಂಬುದೂ ಇಂಥದೇ ಒಂದು ಶಾಶ್ವತ ಸತ್ಯ. ಕಡಲೆಕಾಯಿ ಕೀಳುವ ಕಾಲ, ಮಗಳ ಬಾಣಂತನ, ಸಿದ್ಧಗಂಗೆಯ ಜಾತ್ರೆ ಇವುಗಳಿಗೆಲ್ಲ ಸೇರಿಸಿ ಶೇ. 10. ಹಿಂದಿನ ವರ್ಷದ ರೋಗಿಗಳಲ್ಲಿ ಎಷ್ಟು ಜನ ಮರುಭೇಟಿಗೆ ಬಂದರೆಂದು ತಮ್ಮದೇ ಒಪಿಡಿಯ ರಿಜಿಸ್ಟರ್ ತಿರುವಿ ನೋಡಿದ ಸಿನಾಪ್ಸಿಸ್ ಅಪರೂಪ. ನಾಲ್ಕರಲ್ಲಿ ಒಬ್ಬರು ಬರುವುದಿಲ್ಲವೆಂದು ರಿಜಿಸ್ಟರ್ ಹೇಳಿದರೆ 91ನ್ನು 0.75ರಿಂದ ಭಾಗಿಸಬೇಕು, 122 ಆಗುತ್ತದೆ. ರಿಜಿಸ್ಟರನ್ನು ತೆರೆಯದಿರುವುದೇ ಕ್ಷೇಮ.

ನ್ಯಾಯವಾಗಿ ಸಂಖ್ಯೆ ಇಳಿಸುವ ದಾರಿಯೂ ಇದೆ ಎಂಬುದೇ ಇಲ್ಲಿ ಹೊಟ್ಟೆ ಉರಿಸುವ ಸಂಗತಿ. ಪ್ರತಿ ರೋಗಿಯ ಆರಂಭದ ಎಚ್‌ಬಿಎ1ಸಿ ಹೇಗೂ ಕೈಯಲ್ಲಿರುತ್ತದೆ. ಆರಂಭದ ಮತ್ತು ಕೊನೆಯ ಮಟ್ಟಗಳ ನಡುವಿನ ಕೋರಿಲೇಷನ್ 0.6 ಎಂದು ಹಳೆಯ ದಾಖಲೆಗಳಿಂದ ತೋರಿಸಿ, ವಿಶ್ಲೇಷಣೆಯನ್ನು ಆರಂಭದ ಮಟ್ಟವನ್ನೂ ಲೆಕ್ಕಕ್ಕೆ ಹಿಡಿಯುವ ಅಂಕೋವಾ ವಿಧಾನದಲ್ಲಿ ಮಾಡುವುದಾಗಿ ಮೊದಲೇ ಬರೆದರೆ, ಬೇಕಾದ ಸಂಖ್ಯೆಯನ್ನು 1 ಕಳೆ 0.6ರ ವರ್ಗವಾದ 0.36ರಿಂದ, ಅಂದರೆ 0.64ರಿಂದ ಗುಣಿಸಬಹುದು. 91 ಇದ್ದದ್ದು 59 ಆಗುತ್ತದೆ. ಇದಕ್ಕೆ ಒಂದು ಪ್ಯಾರಾ ಹೆಚ್ಚು ಬರೆಯಬೇಕಾಗುತ್ತದೆ, ಮತ್ತು 59 ಎಂಬುದು 30 ಅಲ್ಲ.

ಎಥಿಕ್ಸ್ ಕಮಿಟಿಯು ಸಿನಾಪ್ಸಿಸ್ ನೋಡಿ, ಸಮ್ಮತಿ ಪತ್ರದ ಕನ್ನಡದಲ್ಲಿ ಎರಡು ಕಾಗುಣಿತ ತಿದ್ದಿ ಒಪ್ಪಿಗೆ ಕೊಡುತ್ತದೆ. ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನ ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆಪಟ್ಟಿಯಾದ ಸಿಟಿಆರ್‌ಐ ನೋಂದಣಿಯಲ್ಲಿಯೂ 60 ಎಂದು ದಾಖಲಾಗುತ್ತದೆ. ಅಲ್ಲಿಂದ ಮುಂದೆ ಏನಾಗುತ್ತದೆಂಬುದು ಗಣಿತಕ್ಕೆ ಮೊದಲೇ ಗೊತ್ತಿದೆ. ಹೊಸ ಮಾತ್ರೆ ನಿಜವಾಗಿಯೂ 0.5ರಷ್ಟು ಹೆಚ್ಚು ಇಳಿಸುವಂಥದ್ದೇ ಆಗಿದ್ದು, ನಮ್ಮ ಎಸ್‌ಡಿ ನಿಜವಾಗಿಯೂ 1.2 ಆಗಿದ್ದರೆ, ಸಾದಾ ಹೋಲಿಕೆಯಲ್ಲಿ 30-30 ರೋಗಿಗಳ ಅಧ್ಯಯನದ ಪವರ್ ಶೇ. 80 ಅಲ್ಲ, ಸುಮಾರು ಶೇ. 36. ಅಂದರೆ ಇಂಥ ನೂರು ಪ್ರಬಂಧಗಳಲ್ಲಿ ಸುಮಾರು 64 ಪ್ರಬಂಧಗಳು, ಕೆಲಸ ಮಾಡುವ ಮದ್ದನ್ನು ಎದುರಿಗಿಟ್ಟುಕೊಂಡೇ, ವ್ಯತ್ಯಾಸ ಕಾಣಲಿಲ್ಲ ಎನ್ನುತ್ತವೆ. ಅವುಗಳಲ್ಲಿ ಹಲವು ಇನ್ನೊಂದು ಹೆಜ್ಜೆ ಮುಂದೆ ಹೋಗಿ “ಎರಡೂ ಚಿಕಿತ್ಸೆಗಳು ಸಮಾನ” ಎಂದು ಘೋಷಿಸುತ್ತವೆ. ಅವುಗಳ ವಿಶ್ವಾಸಾಂತರವು, ಅಂದರೆ ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿಯು, ಎರಡೂ ಕಡೆಗೆ ಸುಮಾರು 0.6ರಷ್ಟು ಚಾಚಿಕೊಂಡಿರುತ್ತದೆಂಬುದನ್ನು ಯಾರೂ ಪ್ರಸ್ತಾಪಿಸುವುದಿಲ್ಲ. ಸಮಾನವೋ, ಒಂದು ಮತ್ತೊಂದಕ್ಕಿಂತ ಬಹಳ ಮೇಲೋ, ಆ ಅಗಲದಲ್ಲಿ ಎರಡೂ ಆರಾಮವಾಗಿ ಹಿಡಿಸುತ್ತವೆ.

ಪ್ರಬಂಧದ ಕೊನೆಯ ಪುಟದಲ್ಲಿ, ಮಿತಿಗಳು ಎಂಬ ಶೀರ್ಷಿಕೆಯ ಕೆಳಗೆ, ಅದೇ ವಿದ್ಯಾರ್ಥಿ ಬರೆಯುತ್ತಾನೆ: “ಮಾದರಿಯ ಗಾತ್ರ ಚಿಕ್ಕದಾಗಿತ್ತು, ದೊಡ್ಡ ಅಧ್ಯಯನಗಳ ಅಗತ್ಯವಿದೆ.” ವಿಧಾನಗಳ ಅಧ್ಯಾಯದಲ್ಲಿ ಸಾಕೆಂದು ಸೂತ್ರಸಹಿತ ಸಾಧಿಸಿದ್ದ 60 ಇಷ್ಟು ಪುಟಗಳನ್ನು ದಾಟುವಷ್ಟರಲ್ಲಿ ಹೇಗೆ ಚಿಕ್ಕದಾಯಿತೆಂದು ಪರೀಕ್ಷಕರು ಕೇಳುವುದಿಲ್ಲ. ಮುಂದಿನ ವರ್ಷದ ವಿದ್ಯಾರ್ಥಿಯು ಆ ಸಲಹೆಯನ್ನು ಶ್ರದ್ಧೆಯಿಂದ ಓದಿ, ಅದೇ ಪ್ರಬಂಧದ ಎಸ್‌ಡಿಯನ್ನು ಉಲ್ಲೇಖಿಸಿ, ಗುಂಪಿಗೆ 30ರಂತೆ ತನ್ನ ಲೆಕ್ಕವನ್ನು ಮೇಡಂ ಬಳಿ ಸರಿಮಾಡಿಸಿಕೊಂಡು ಬರುತ್ತಾನೆ.