ಪ್ರೊಬೇಷನ್ ಮುಗೀತು, ಲೆಟರ್ ಬಂದಿಲ್ಲ: ಹಾಗಾದರೆ ನೀವು ಖಾಯಮ್ಮೋ ಅಲ್ಲವೋ?

ಇವತ್ತು ಒಂದೇ ಕಂಪನಿಯ ಎಚ್‌ಆರ್ ವಿಭಾಗ ಒಬ್ಬಳೇ ಹುಡುಗಿಗೆ ಬರೆದ ಎರಡು ಮೇಲ್ ಓದಿದೆ. ಅಕ್ಟೋಬರ್‌ನಲ್ಲಿ ಅವಳು ಇಂಕ್ರಿಮೆಂಟ್ ಕೇಳಿದಾಗ ಬಂದ ಉತ್ತರ: "ನೀವಿನ್ನೂ ಕನ್ಫರ್ಮ್ ಆಗಿಲ್ಲ." ನವೆಂಬರ್‌ನಲ್ಲಿ ರಾಜೀನಾಮೆ ಕೊಟ್ಟಾಗ ಬಂದ ಉತ್ತರ: "ನಿಮ್ಮ ಪ್ರೊಬೇಷನ್ ಮುಗಿದಿದೆ, ಖಾಯಂ ನೌಕರರಂತೆ 60 ದಿನ ನೋಟಿಸ್ ಕೊಡಿ." ಓದಿ ಮೈ ಉರಿಯಿತು. ದುಡ್ಡು ಕೊಡಬೇಕಾದಾಗ ಪ್ರೊಬೇಷನರ್, ದುಡ್ಡು ಕಿತ್ತುಕೊಳ್ಳುವಾಗ ಖಾಯಂ. ಲೆಟರ್ ಕೊಡದೆ ಸುಮ್ಮನಿದ್ದರೆ ಇಂಥದ್ದಕ್ಕೆಲ್ಲ ದಾರಿಯಾಗುತ್ತದೆ. ಅದಕ್ಕೇ ಈ ಉದ್ದದ ಬರಹ.

ಮೊದಲು ಒಂದು ತಪ್ಪು ನಂಬಿಕೆ ಹೋಗಲಿ. "ಆರು ತಿಂಗಳಾದ ಮೇಲೆ ತಾನಾಗಿಯೇ ಖಾಯಂ ಆಗುತ್ತೆ, ಲೆಟರ್ ಬರೀ ಕಾಗದ" ಎಂದು ಆಫೀಸಿನ ಹಿರಿಯರು ಹೊಸಬರಿಗೆ ಧೈರ್ಯ ಹೇಳುತ್ತಾರೆ. ಎಲ್ಲರ ವಿಷಯದಲ್ಲೂ ಇದು ನಿಜವಲ್ಲ. ನಿಮ್ಮ ನೇಮಕಾತಿ ಪತ್ರದಲ್ಲಿ ಪ್ರೊಬೇಷನ್ ಬಗ್ಗೆ ಇರುವ ಒಂದೆರಡು ವಾಕ್ಯಗಳು ಏನು ಹೇಳುತ್ತವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಸರ್ಕಾರಿ ನೌಕರರ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಇದನ್ನು ದಶಕಗಳ ಕಾಲ ಚರ್ಚಿಸಿದೆ. ಮಧ್ಯಪ್ರದೇಶ ಹೈಕೋರ್ಟ್ ಮತ್ತು ಸತ್ಯನಾರಾಯಣ ಝವರ್ ನಡುವಿನ 2001ರ ತೀರ್ಪು ಹಳೆಯ ತೀರ್ಪುಗಳನ್ನೆಲ್ಲ ಮೂರು ಗುಂಪು ಮಾಡಿತು. ಒಂದು, ಪ್ರೊಬೇಷನ್ ಇಷ್ಟು ತಿಂಗಳು, ಬೇಕಾದರೆ ವಿಸ್ತರಿಸಬಹುದು ಎಂದಿದ್ದು ಗರಿಷ್ಠ ಮಿತಿ ಹೇಳಿಲ್ಲದಿದ್ದರೆ, ಅವಧಿ ದಾಟಿ ಕೆಲಸ ಮಾಡಿದ ಮಾತ್ರಕ್ಕೆ ಖಾಯಂ ಆಗುವುದಿಲ್ಲ. ಎರಡು, ಇಷ್ಟಕ್ಕಿಂತ ಹೆಚ್ಚು ವಿಸ್ತರಿಸುವಂತಿಲ್ಲ ಎಂಬ ಗಡಿ ಇದ್ದು, ಅದು ದಾಟಿದ ಮೇಲೂ ನಿಮ್ಮನ್ನು ಮುಂದುವರಿಸಿದ್ದರೆ, ಖಾಯಂ ಆದಿರಿ ಎಂದೇ ಭಾವಿಸಬೇಕು. ಪಂಜಾಬ್ ಸರ್ಕಾರ ಮತ್ತು ಧರಂ ಸಿಂಗ್ ನಡುವಿನ 1968ರ ತೀರ್ಪು ಈ ಬಗೆಯದು. ಅಲ್ಲಿ ನಿಯಮದ ಪ್ರಕಾರ ಮೂರು ವರ್ಷವೇ ಗಡಿಯಾಗಿತ್ತು. ಮೂರು, ಗಡಿ ಇದ್ದರೂ "ಖಾಯಂ ಆದೇಶ ಹೊರಡಿಸಬೇಕು" ಅಥವಾ "ಪರೀಕ್ಷೆ ಪಾಸಾಗಬೇಕು" ಎಂಬ ಷರತ್ತೂ ಇದ್ದರೆ, ಆ ಷರತ್ತು ಪೂರೈಸದೆ ಬರೀ ದಿನ ಕಳೆದರೆ ಸಾಲದು.

ಕರ್ನಾಟಕ ಸರ್ಕಾರಿ ನೌಕರರಂತೂ ಕಾಯುತ್ತ ಕೂರಲೇಬಾರದು. 1977ರ ಪ್ರೊಬೇಷನ್ ನಿಯಮಗಳ ಪ್ರಕಾರ ಖಾಯಂಪೂರ್ವ ಸೇವಾವಧಿ ತೃಪ್ತಿಕರವಾಗಿ ಮುಗಿದಿದೆ ಎಂದು ನಿರ್ದಿಷ್ಟ ಆದೇಶ ಹೊರಡಬೇಕು. ಆದೇಶ ತಡವಾದರೆ ತಾನಾಗಿಯೇ ಮುಗಿದಂತೆ ಎಂದು ವಾದಿಸುವ ಅವಕಾಶವನ್ನೂ ಆ ನಿಯಮ ಮುಚ್ಚಿಬಿಟ್ಟಿದೆ.

ಖಾಸಗಿ ಕಂಪನಿಗಳಲ್ಲಿ ನಿಯಮಾವಳಿಯ ಜಾಗದಲ್ಲಿ ನಿಮ್ಮ ನೇಮಕಾತಿ ಪತ್ರ ಇರುತ್ತದೆ. ಸ್ಥಾಯೀ ಆದೇಶ, ಅಂದರೆ ಕಾರ್ಮಿಕ ಕಾನೂನಿನಡಿ ಸಂಸ್ಥೆಗೆ ಇರುವ ಸೇವಾ ನಿಯಮಗಳು, ಅನ್ವಯಿಸುವ ಕಡೆ ಅದೂ ಇರುತ್ತದೆ. ಓದುವ ಕ್ರಮ ಮಾತ್ರ ಅದೇ. ಪತ್ರ ತೆಗೆದು ನಾಲ್ಕು ವಿಷಯ ಹುಡುಕಿ: ಮೂಲ ಅವಧಿ ಎಷ್ಟು, ಎಷ್ಟರವರೆಗೆ ವಿಸ್ತರಿಸಬಹುದು, "ಲಿಖಿತವಾಗಿ ಖಾಯಂ ಮಾಡುವವರೆಗೆ ಪ್ರೊಬೇಷನರ್ ಎಂದೇ ಪರಿಗಣಿಸಲಾಗುವುದು" ಎಂಬ ಸಾಲು ಇದೆಯೇ, ಪ್ರೊಬೇಷನ್‌ನಲ್ಲೂ ಆಮೇಲೂ ನೋಟಿಸ್ ಎಷ್ಟೆಷ್ಟು ದಿನ. ರಜೆ ಹಾಕಿದಷ್ಟು ದಿನ ಪ್ರೊಬೇಷನ್ ಮುಂದಕ್ಕೆ ಹೋಗುತ್ತದೆ ಎಂಬ ಸಣ್ಣ ಸಾಲನ್ನು ಕೆಲವು ಪತ್ರಗಳಲ್ಲಿ ರಜೆಯ ಪ್ಯಾರಾದಲ್ಲಿ ಸೇರಿಸಿರುತ್ತಾರೆ, ಅಲ್ಲೂ ನೋಡಿ.

ಈ ಹುಡುಗಿಯ ಪತ್ರವನ್ನೇ ತೆಗೆದುಕೊಳ್ಳಿ. ಕೆಲಸಕ್ಕೆ ಸೇರಿದ್ದು ಫೆಬ್ರವರಿ 3. ಪ್ರೊಬೇಷನ್ ಆರು ತಿಂಗಳು, ಅಂದರೆ ಆಗಸ್ಟ್ 2ಕ್ಕೆ ಮುಗಿಯಿತು. ಇನ್ನು ಮೂರು ತಿಂಗಳು ವಿಸ್ತರಿಸಬಹುದು ಎಂದಿದೆ, ಅಲ್ಲಿಗೆ ನವೆಂಬರ್ 2 ಗಡಿ. "ಲಿಖಿತವಾಗಿ ಖಾಯಂ ಮಾಡುವವರೆಗೆ" ಎಂಬ ಸಾಲೂ ಇದೆ. ಪ್ರೊಬೇಷನ್‌ನಲ್ಲಿ ನೋಟಿಸ್ 15 ದಿನ, ಖಾಯಂ ಆದ ಮೇಲೆ 60. ರಾಜೀನಾಮೆ ಕೊಟ್ಟಿದ್ದು ನವೆಂಬರ್ 20. ಕಂಪನಿ ಕೇಳುತ್ತಿರುವುದು 60 ದಿನ. 15 ದಿನ ಮಾಡಿ ಹೋದರೆ ಉಳಿದ 45 ದಿನದ ಸಂಬಳ ಹಿಡಿಯುತ್ತಾರಂತೆ. ತಿಂಗಳಿಗೆ 36,000 ರೂಪಾಯಿ ಸಂಬಳ, ಅಲ್ಲಿಗೆ 54,000 ರೂಪಾಯಿ.

ಪತ್ರವನ್ನು ನೇರವಾಗಿ ಓದಿದರೆ ಇದು ಮೇಲಿನ ಮೂರನೇ ಬಗೆ. ಗಡಿ ದಾಟಿದೆ ನಿಜ, ಆದರೆ ಲಿಖಿತ ಆದೇಶ ಬೇಕು ಎಂದು ಕಂಪನಿಯೇ ಬರೆದುಕೊಂಡಿದೆ, ಆ ಆದೇಶ ಕೊಟ್ಟಿಲ್ಲ. ಹಾಗಾದರೆ ನವೆಂಬರ್ 20ಕ್ಕೂ ಅವಳು ಪ್ರೊಬೇಷನರ್, ನೋಟಿಸ್ 15 ದಿನ. ಅಕ್ಟೋಬರ್‌ನ "ನೀವಿನ್ನೂ ಕನ್ಫರ್ಮ್ ಆಗಿಲ್ಲ" ಮೇಲ್ ಇದಕ್ಕೆ ಕಂಪನಿಯೇ ಕೊಟ್ಟ ಸಾಕ್ಷಿ. ಅವಳು ಬರೆಯಬೇಕಾದದ್ದು ಇಷ್ಟೇ: "ಪತ್ರದ ಇಂಥ ಕಲಂ ಪ್ರಕಾರ ಲಿಖಿತ ಆದೇಶವಿಲ್ಲದೆ ನಾನು ಖಾಯಂ ಅಲ್ಲ. ಇದನ್ನು ಅಕ್ಟೋಬರ್‌ನ ನಿಮ್ಮ ಮೇಲ್ ಕೂಡ ಹೇಳುತ್ತದೆ. ಖಾಯಂ ಎಂಬುದು ನಿಮ್ಮ ನಿಲುವಾದರೆ, ಯಾವ ದಿನಾಂಕದಿಂದ ಎಂದು ತಿಳಿಸಿ, ಆ ದಿನದಿಂದ ಬರಬೇಕಾದ ಇಂಕ್ರಿಮೆಂಟ್ ಮತ್ತು ಇತರ ಸೌಲಭ್ಯ ಲೆಕ್ಕ ಹಾಕಿ ಕೊಡಿ." ಎರಡರಲ್ಲಿ ಒಂದನ್ನು ಕಂಪನಿ ಒಪ್ಪಲೇಬೇಕು. ಎರಡೂ ಬೇಕು ಅನ್ನುವುದು ನ್ಯಾಯವಲ್ಲ.

ಆ "ಲಿಖಿತವಾಗಿ" ಸಾಲು ಇರದೆ ಬರೀ ಮೂರು ತಿಂಗಳ ಗಡಿ ಮಾತ್ರ ಇದ್ದಿದ್ದರೆ ಲೆಕ್ಕ ತಿರುಗುತ್ತಿತ್ತು. ನವೆಂಬರ್ 2ರ ನಂತರ ಅವಳು ಖಾಯಂ ಎಂಬ ವಾದ ಬಲವಾಗುತ್ತಿತ್ತು. ಆಗ 60 ದಿನದ ನೋಟಿಸೂ ಅವಳ ಮೇಲೆ ಬರುತ್ತಿತ್ತು, ಖಾಯಂ ನೌಕರರ ಸೌಲಭ್ಯವೂ ಅವಳಿಗೆ ಸೇರುತ್ತಿತ್ತು.

"ಲೆಟರ್ ಕೇಳಿದರೆ ಮ್ಯಾನೇಜರ್ ಕಣ್ಣಿಗೆ ಬೀಳ್ತೀವಿ, ಸುಮ್ಮನಿರೋದೇ ವಾಸಿ" ಅನ್ನುವವರಿದ್ದಾರೆ. ಆ ಭಯ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪುವುದಿಲ್ಲ. ಕೇಳಿದ್ದಕ್ಕೇ ಬಾಗಿಲು ತೋರಿಸುವ ಕಡೆ, ಕೇಳದಿದ್ದರೂ ನೀವು ಸುರಕ್ಷಿತರಲ್ಲ. ಕೇಳಿದ್ದಕ್ಕೆ ದಾಖಲೆಯಾದರೂ ಉಳಿಯುತ್ತದೆ.

ಹೇಗೆ ಕೇಳಬೇಕು? ಅವಧಿ ಮುಗಿಯಲು ಒಂದು ತಿಂಗಳಿರುವಾಗ ಮ್ಯಾನೇಜರ್‌ಗೆ ಮೇಲ್ ಮಾಡಿ: "ನನ್ನ ಪ್ರೊಬೇಷನ್ ಇಂಥ ದಿನ ಮುಗಿಯುತ್ತದೆ, ಮೌಲ್ಯಮಾಪನ ಯಾವಾಗ?" ಎಷ್ಟೋ ಕಡೆ ಲೆಟರ್ ತಡವಾಗುವುದು ದುರುದ್ದೇಶದಿಂದಲ್ಲ. ಮ್ಯಾನೇಜರ್ ಮೌಲ್ಯಮಾಪನದ ಫಾರಂ ತುಂಬಿ ಕಳಿಸಿರುವುದಿಲ್ಲ, ಎಚ್‌ಆರ್ ಅದಕ್ಕೇ ಕಾಯುತ್ತಿರುತ್ತದೆ. ಅವಧಿ ಮುಗಿದ ಮಾರನೆಯ ದಿನ ಎಚ್‌ಆರ್‌ಗೆ, ಮ್ಯಾನೇಜರ್‌ಗೂ ಪ್ರತಿ ಹಾಕಿ, ಎರಡನೇ ಮೇಲ್. ಅದರಲ್ಲಿ ಸೇರಿದ ದಿನ, ಅವಧಿ ಮುಗಿದ ದಿನ, ವಿಸ್ತರಣೆಯ ಪತ್ರ ಬಂದಿಲ್ಲ ಎಂಬ ಮಾತು, ಜೊತೆಗೆ "ನನ್ನ ಸ್ಥಿತಿ ಏನು ಎಂದು ಲಿಖಿತವಾಗಿ ತಿಳಿಸಿ" ಎಂಬ ಕೋರಿಕೆ. ವಾರ ಬಿಟ್ಟು ಅದೇ ಮೇಲ್‌ಗೆ ನೆನಪೋಲೆ. ಬಾಯಿಮಾತಲ್ಲಿ "ಎಲ್ಲಾ ಓಕೆ, ಆಗುತ್ತೆ" ಎಂದರೆ, ಅದೇ ಸಂಜೆ "ಇವತ್ತು ನೀವು ಹೀಗೆ ತಿಳಿಸಿದಿರಿ, ಧನ್ಯವಾದ" ಎಂದು ಬರೆದು ಹಾಕಿ. ನೇಮಕಾತಿ ಪತ್ರ, ಸಂಬಳದ ಚೀಟಿ, ಈ ಮೇಲ್‌ಗಳ ಪ್ರತಿ ನಿಮ್ಮ ಬಳಿಯೇ ಇರಲಿ. ಕಂಪನಿಯ ಬೇರೆ ಕಡತ ಮುಟ್ಟಬೇಡಿ, ಅದನ್ನೇ ನಿಮ್ಮ ಮೇಲೆ ಆರೋಪ ಮಾಡುತ್ತಾರೆ.

ಇನ್ನೊಂದು ಕೆಟ್ಟ ಅಭ್ಯಾಸ ಹಿಂದಿನ ತಾರೀಕು ಹಾಕಿದ ವಿಸ್ತರಣೆ ಪತ್ರ. ಆಗಸ್ಟ್ 2ಕ್ಕೆ ಮುಗಿದದ್ದಕ್ಕೆ ಸೆಪ್ಟೆಂಬರ್ ಕೊನೆಯಲ್ಲಿ, "ಆಗಸ್ಟ್ 1" ಎಂದು ಬರೆದು ಕೈಗೆ ಕೊಟ್ಟು ಸಹಿ ಕೇಳುತ್ತಾರೆ. ಸಹಿಯ ಕೆಳಗೆ "ಸೆಪ್ಟೆಂಬರ್ ಇಂಥ ದಿನ ಸ್ವೀಕರಿಸಿದೆ" ಎಂದು ನೀವೇ ಬರೆಯಿರಿ. ಯಾವ ಕೆಲಸದಲ್ಲಿ ಕೊರತೆ, ಎಷ್ಟು ಸುಧಾರಿಸಬೇಕು, ಮುಂದಿನ ಮೌಲ್ಯಮಾಪನ ಯಾವ ದಿನ ಎಂದು ಉತ್ತರದಲ್ಲಿ ಕೇಳಿ.

ಖಾಯಂ ಮಾಡುವುದಿಲ್ಲ ಎಂದೇ ಹೇಳಿದರೆ ಆ ಪತ್ರದ ಭಾಷೆ ನೋಡಿ. "ಕೆಲಸ ತೃಪ್ತಿಕರವಾಗಿಲ್ಲ" ಎಂದಷ್ಟೇ ಬರೆದು, ಪತ್ರದಲ್ಲಿರುವ ನೋಟಿಸ್ ಕೊಟ್ಟು ಬಿಡಿಸಿದರೆ ಅದನ್ನು ಪ್ರಶ್ನಿಸುವುದು ಕಷ್ಟ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಕಳ್ಳತನ, ಮೋಸ, ದುರ್ನಡತೆಯಂಥ ಆರೋಪವನ್ನೇ ಆಧಾರ ಮಾಡಿಕೊಂಡು, ನಿಮಗೆ ಉತ್ತರಿಸಲು ಅವಕಾಶ ಕೊಡದೆ ತೆಗೆದಿದ್ದರೆ ವಿಷಯ ಬೇರೆ. ಅದು ಕಳಂಕ ಹಚ್ಚುವ ಆದೇಶ. ಕಳಂಕದ ಮಾತು ಆದೇಶದಲ್ಲೇ ಇರಬೇಕೆಂದಿಲ್ಲ, ಆದೇಶ ಉಲ್ಲೇಖಿಸುವ ಬೇರೆ ಪತ್ರದಲ್ಲಿದ್ದರೂ ಸಾಕು ಎಂದು ದೀಪ್ತಿ ಪ್ರಕಾಶ್ ಬ್ಯಾನರ್ಜಿ ಪ್ರಕರಣದಲ್ಲಿ 1999ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದೂ ಸರ್ಕಾರಿ ನೆರವಿನ ಸಂಸ್ಥೆಯ ಪ್ರಕರಣ. ಖಾಸಗಿಯಲ್ಲಿ ಕಾರ್ಮಿಕ ಕಾನೂನಿನ ವ್ಯಾಪ್ತಿಗೆ ಬರುವವರು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಬಳಿ ಹೋಗಬಹುದು. ಅಲ್ಲಿ ಮುಖ್ಯವಾಗುವುದು ನೀವು ನಿಜವಾಗಿ ಮಾಡುವ ಕೆಲಸ, ಕಾರ್ಡಿನ ಮೇಲಿನ ಪದನಾಮ ಅಲ್ಲ.

"ರಾಜೀನಾಮೆ ಕೊಟ್ಟುಬಿಡಿ, ನಿಮ್ಮ ರೆಕಾರ್ಡಿಗೆ ಒಳ್ಳೆಯದು" ಎಂದರೆ ಆ ಕೋಣೆಯಲ್ಲೇ ಸಹಿ ಹಾಕಬೇಡಿ. ಒಂದು ದಿನ ಸಮಯ ಕೇಳಿ, ಅದೂ ಮೇಲ್‌ನಲ್ಲಿ. ರಾಜೀನಾಮೆ ಕೊಟ್ಟ ಮೇಲೆ ಅದು ಬಲವಂತದ್ದು ಎಂದು ಸಾಬೀತು ಮಾಡುವ ಹೊರೆ ನಿಮ್ಮದಾಗುತ್ತದೆ. ರಾಜೀನಾಮೆ ಪಡೆದು, ಮರುದಿನ ಹೊಸ ನೇಮಕಾತಿ ಪತ್ರ ಕೊಟ್ಟು, ಪ್ರೊಬೇಷನ್ ಮತ್ತೆ ಮೊದಲಿಂದ ಎನ್ನುವವರಿಗೂ ಒಪ್ಪಬೇಡಿ. ನಿಮ್ಮ ಸೇವೆ ಅಲ್ಲಿಗೆ ಕಡಿಯಿತು ಎಂದು ನಾಳೆ ಅವರೇ ವಾದಿಸುತ್ತಾರೆ.

ಲೆಟರ್ ಇಲ್ಲ ಎಂಬ ನೆಪದಲ್ಲಿ ಯಾರೂ ಮುಟ್ಟಲಾಗದ ಕೆಲವು ಹಕ್ಕುಗಳಿವೆ. ಪಿಎಫ್‌ಗೆ ಅರ್ಹರಾದವರಿಗೆ ಅದು ಸೇರಿದ ದಿನದಿಂದಲೇ ಲೆಕ್ಕ. ಗ್ರಾಚ್ಯುಟಿಯ ಸೇವಾವಧಿಯಲ್ಲಿ ಪ್ರೊಬೇಷನ್ ತಿಂಗಳುಗಳೂ ಸೇರುತ್ತವೆ. ಹೆರಿಗೆ ಸೌಲಭ್ಯಕ್ಕೆ ಕಾನೂನು ಕೇಳುವುದು ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನದ ಕೆಲಸ, ಕನ್ಫರ್ಮೇಷನ್ ಅಲ್ಲ. ಬಿಡಿಸಿದರೂ ಬಿಟ್ಟರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು 2019ರ ವೇತನ ಸಂಹಿತೆ ಹೇಳುತ್ತದೆ. ಆ ಹುಡುಗಿಯ ಸಂಬಳ ಹಿಡಿಯುತ್ತೇವೆ ಎಂದು ಬರೆದಿರುವ ಎಚ್‌ಆರ್‌ಗೆ ಕಳಿಸುವ ಉತ್ತರದಲ್ಲಿ ಈ ಸಾಲೂ ಇರಲಿ.