ಹತ್ತೊಂಬತ್ತನೇ ಪುಟದ ಮೋಸ

ದೊಡ್ಡಮ್ಮನ ಮೊಮ್ಮಗಳ ಮದುವೆಗೆ ಹಸೆ ಹಾಡು, ಆರತಿ ಹಾಡು ಎಲ್ಲ ಸೇರಿಸಿ 18 ಪುಟದ ಪಿಡಿಎಫ್ ಮಾಡಿದ್ದೆ. ಎ4 ಹಾಳೆಯನ್ನು ನಡುವೆ ಮಡಚಿ ಪಿನ್ ಹೊಡೆದರೆ ಪುಸ್ತಕ, ಅದರಲ್ಲೇನು ಮಹಾ ಅಂದುಕೊಂಡು ಒಂದು ಬದಿಗೆ ಎರಡೆರಡು ಪುಟ ಬರುವ ಹಾಗೆ ಸುಮ್ನೆ ಪ್ರಿಂಟ್ ಕೊಟ್ಟೆ. ಮಡಚಿ ನೋಡಿದರೆ ರಟ್ಟಿನ ಜಾಗದಲ್ಲಿ 2ನೇ ಪುಟ, ವಧೂವರರ ಹೆಸರು ಹಿಂಬದಿಯಲ್ಲಿ. 3 ಆದ ಮೇಲೆ 6. ನಡು ದಾಟಿದ ಮೇಲಂತೂ 17, 16, 13, 12 ಅಂತ ಹಾಡು ಹಿಂದಕ್ಕೆ ನಡೆಯುತ್ತಿತ್ತು.

ಆಮೇಲೆ ಬುದ್ಧಿ ಬಂತು. ಐದು ಖಾಲಿ ಹಾಳೆ ಒಂದರೊಳಗೊಂದು ಇಟ್ಟು ಮಡಚಿದೆ, ಪುಸ್ತಕದ ಹಾಗೆ ಮಗುಚುತ್ತಾ ಮೂಲೆಯಲ್ಲಿ 1ರಿಂದ 20ರವರೆಗೆ ಬರೆದು ಬಿಚ್ಚಿದೆ. ಹೊರಗಿನ ಹಾಳೆಯ ಒಂದು ಬದಿಗೆ 20 ಮತ್ತು 1, ಬೆನ್ನಿಗೆ 2 ಮತ್ತು 19. ಮುಂದಿನದಕ್ಕೆ 18 ಮತ್ತು 3, ಬೆನ್ನಿಗೆ 4 ಮತ್ತು 17. ಯಾವ ಬದಿ ಕೂಡಿಸಿದರೂ 21 ಬರಬೇಕು, ಬರದಿದ್ದರೆ ಎಲ್ಲೋ ಎಡವಟ್ಟಾಗಿದೆ.

ಒಂದು ಹಾಳೆಗೆ ನಾಲ್ಕು ಪುಟ, ಹಾಗಾಗಿ 18ಕ್ಕೆ ಎರಡು ಖಾಲಿ ಪುಟ ಸೇರಿಸಲೇಬೇಕು. ಎರಡನ್ನೂ ಕೊನೆಗೆ ಹಾಕಿದರೆ ಹಿಂಬದಿಯ ರಟ್ಟು ಬೋಳು. ಅಲ್ಲಿ ಮಂಗಳಾರತಿ ಹಾಡು ಇರಲೇಬೇಕು ಅಂತ ದೊಡ್ಡಮ್ಮನ ಹಟ. ಅದಕ್ಕೆ 2 ಮತ್ತು 19ನ್ನು ಖಾಲಿ ಬಿಟ್ಟೆ. ರಟ್ಟುಗಳ ಒಳಬದಿ ಮಾತ್ರ ಖಾಲಿ, ನೋಡಲು ಚೆಂದ ಅಲ್ವಾ!

ಆ ಚೆಂದವೇ ಮುಳುವಾಯಿತು. ತೀರ್ಥಹಳ್ಳಿ ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ, ಕರೆಂಟ್ ಯಾವಾಗ ಹೋಗುತ್ತದೋ ಅನ್ನೋ ಗಡಿಬಿಡಿಯಲ್ಲೂ, ಜಾಣನ ಹಾಗೆ ಮೊದಲ ಹಾಳೆ ಒಂದನ್ನೇ ತೆಗೆಸಿ ಮಡಚಿ ನೋಡಿದೆ. ಎಲ್ಲ ಸರಿ ಇತ್ತು. 25 ಪ್ರತಿ ಹೊಡೆಸಿದೆ.

ಮನೆಗೆ ತಂದಾಗ ದೊಡ್ಡಮ್ಮ ಮೂರನೇ ಪುಟ ಮಗುಚಿದವರೇ ಪುಸ್ತಕವನ್ನು ತಿರುಗಿಸಿದರು. ಮುಂದಿನ ಪುಟಕ್ಕೆ ಮತ್ತೆ ತಿರುಗಿಸಿದರು.

"ಎಂತದಾ ಮಾರಾಯ, ಶೀರ್ಷಾಸನ ಹಾಕಿ ಹಾಡ್ಬೇಕಾ?"

3ರ ಬೆನ್ನಿಗೆ 4 ಇರಬೇಕಿತ್ತು, 17 ತಲೆಕೆಳಗಾಗಿ ಕೂತಿತ್ತು. ಪ್ರಿಂಟರಿನಲ್ಲಿ `Flip on long edge` ಅಂತಲೇ ಉಳಿದಿತ್ತು. ಉದ್ದಕ್ಕೆ ಓದುವ ಕಾಗದಕ್ಕೆ ಅದು ಸರಿ, ನಮ್ಮದು ಅಡ್ಡ ಹಾಳೆ, ಗಿಡ್ಡ ಅಂಚಿನ ಮೇಲೆ ಹೊರಳಬೇಕು, ಅಂದರೆ `Flip on short edge`. ನಾನು ಪರೀಕ್ಷೆ ಮಾಡಿದ ಹಾಳೆಯ ಬೆನ್ನಲ್ಲಿ ಇದ್ದದ್ದು 2 ಮತ್ತು 19, ಎರಡೂ ಖಾಲಿ. ಖಾಲಿ ಪುಟ ತಲೆಕೆಳಗಾದರೆ ಯಾರಿಗೆ ಗೊತ್ತಾಗುತ್ತದೆ?

ಮರುದಿನ ದೊಡ್ಡಮ್ಮನೂ ಕೊಡೆ ಹಿಡಿದು ಅಂಗಡಿಗೆ ಬಂದರು. ಹುಡುಗ ಮೊದಲ ಹಾಳೆ ತೆಗೆದು ಕೊಟ್ಟ. ಅವರು ಅದನ್ನು ಮುಟ್ಟಲೂ ಇಲ್ಲ. "ಎರಡನೇದು ಕೊಡು ಮಗಾ" ಅಂದರು.