ಚೀಟಿಯಲ್ಲಿ ಬರೀ "7.5 ಎಂಎಲ್" ಅಂತ ಇದ್ದರೆ ಸಾಲದು

ಮಳೆಗಾಲ ಹಿಡಿಯಿತೆಂದರೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆಗೂ, ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಪ್ಯಾರಸಿಟಮಾಲ್ ಸಿರಪ್ ಒಂದಲ್ಲ ಎರಡು ಬಾಟಲಿ ಇದ್ದೇ ಇರುತ್ತದೆ. ಒಂದು ಹುಬ್ಬಳ್ಳಿಯಲ್ಲಿ ಡಾಕ್ಟರಿಗೆ ತೋರಿಸಿದಾಗ ತಂದದ್ದು, ಇನ್ನೊಂದು ಊರಿನ ಅಂಗಡಿಯದು. ಔಷಧ ಒಂದೇ, ಆದರೆ ಎರಡು ಬಾಟಲಿಯ ಸ್ಟ್ರೆಂತ್ ಒಂದೇ ಇರಬೇಕೆಂದೇನಿಲ್ಲ. ನಮ್ಮಲ್ಲಿ 5 ಎಂಎಲ್‌ಗೆ 120 ಎಂಜಿ ಇರುವ ಸಿರಪ್ಪೂ ಸಿಗುತ್ತದೆ, 250 ಎಂಜಿ ಇರುವುದೂ ಸಿಗುತ್ತದೆ. ಕೂಸುಗಳಿಗೆ ಕೊಡುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೇ 100 ಎಂಜಿ ಇರುತ್ತದೆ. ಬಾಟಲಿ ಚಿಕ್ಕದು, ಆದ್ದರಿಂದ ಔಷಧವೂ ಮೆದು ಎಂದು ತಿಳಿಯುವುದು ಪೂರ್ತಿ ಉಲ್ಟಾ.

12 ಕೆಜಿ ತೂಕದ ಮಗು, ಹೆಚ್ಚುಕಡಿಮೆ ಎರಡು ವರ್ಷದ್ದು ಎಂದಿಟ್ಟುಕೊಳ್ಳಿ. ಜ್ವರಕ್ಕೆ ಪ್ಯಾರಸಿಟಮಾಲ್ ಒಂದು ಸಲಕ್ಕೆ ಕೆಜಿಗೆ 10ರಿಂದ 15 ಎಂಜಿ. ಡಾಕ್ಟರು 15ರ ಲೆಕ್ಕ ಹಿಡಿದು, 120 ಎಂಜಿಯ ಸಿರಪ್ ಮನಸ್ಸಿನಲ್ಲಿಟ್ಟುಕೊಂಡು ಚೀಟಿಯಲ್ಲಿ "7.5 ಎಂಎಲ್" ಎಂದು ಬರೆದಿದ್ದಾರೆ. ಅದು ಸರಿಯಾಗಿ 180 ಎಂಜಿ. ತಿಂಗಳ ನಂತರ ಮತ್ತೆ ಜ್ವರ, ಹಳೇ ಚೀಟಿ, ಅಂಗಡಿಯಲ್ಲಿ ಸಿಕ್ಕಿದ್ದು 250ರ ಬಾಟಲಿ. ಮನೆಯವರು ಚೀಟಿಯಲ್ಲಿದ್ದಂತೆ 7.5 ಎಂಎಲ್ಲೇ ಕುಡಿಸುತ್ತಾರೆ. ಮಗುವಿನ ಹೊಟ್ಟೆಗೆ ಹೋದದ್ದು 375 ಎಂಜಿ, ಅಂದರೆ ಕೆಜಿಗೆ 31. ದಿನಕ್ಕೆ ನಾಲ್ಕು ಸಲ ಹೀಗೇ ಕೊಟ್ಟರೆ 1500 ಎಂಜಿ ಆಯಿತು. ಯಾರೂ ಚೀಟಿ ಮೀರಿಲ್ಲ, ಆದರೂ ಡೋಸು ದುಪ್ಪಟ್ಟು.

ಇದರ ಉಲ್ಟಾ ಆದಾಗ ಯಾರಿಗೂ ಗೊತ್ತೇ ಆಗುವುದಿಲ್ಲ. ಚೀಟಿ 250ರ ಸಿರಪ್‌ಗೆ ಬರೆದದ್ದು, 3.6 ಎಂಎಲ್. ಮನೆಯಲ್ಲಿರುವುದು 120ರ ಬಾಟಲಿ. ಮಗುವಿಗೆ ಸಿಗುವುದು 86 ಎಂಜಿ, ಕೆಜಿಗೆ 7. ಜ್ವರ ಇಳಿಯುವುದಿಲ್ಲ. "ಈ ಔಷಧಿ ತಾಗೂದಿಲ್ಲ" ಎಂದು ಎರಡು ತಾಸಿಗೇ ಮತ್ತೊಮ್ಮೆ ಕುಡಿಸುತ್ತಾರೆ, ಇಲ್ಲವೇ ಇನ್ನೊಂದು ಔಷಧ ತರುತ್ತಾರೆ. ನಿಜವಾದ ಅಪಾಯ ಶುರುವಾಗುವುದು ಅಲ್ಲಿಂದ.

ಹಾಗಾಗಿ ಮೊದಲು ಎಂಜಿ, ಆಮೇಲೆ ಎಂಎಲ್. ಲೆಕ್ಕ ಎರಡೇ ಸಾಲು:

```
12 kg × 15 mg/kg = 180 mg
180 mg ÷ 50 mg/ml = 3.6 ml
```

ಎರಡನೇ ಸಾಲಿನ 50 ಎಲ್ಲಿಂದ ಬಂತು? 250 ಎಂಜಿಯನ್ನು 5 ಎಂಎಲ್‌ನಿಂದ ಭಾಗಿಸಿದ್ದು. ಲೇಬಲ್ಲಿನಲ್ಲಿ "ಪ್ರತಿ 5 ಎಂಎಲ್‌ಗೆ" ಎಂದಿದೆಯೋ "ಪ್ರತಿ 1 ಎಂಎಲ್‌ಗೆ" ಎಂದಿದೆಯೋ ನೋಡದೆ ಇಲ್ಲಿ ಮುಂದೆ ಹೋಗಬಾರದು. ಯೂನಿಟ್ಟುಗಳನ್ನು ಬಿಡದೆ ಬರೆಯಲು ಹೇಳುವುದೂ ಇದಕ್ಕೇ. ಮೊದಲ ಸಾಲಿನಲ್ಲಿ ಕೆಜಿಗೆ ಕೆಜಿ ಹೊಡೆದುಹೋಗಿ ಎಂಜಿ ಮಾತ್ರ ಉಳಿಯಬೇಕು, ಎರಡನೆಯದರಲ್ಲಿ ಎಂಜಿ ಹೊಡೆದುಹೋಗಿ ಎಂಎಲ್ ಉಳಿಯಬೇಕು. ಭಾಗಿಸುವಲ್ಲಿ ಗುಣಿಸಿದರೆ ಯಾವುದೂ ಹೊಡೆದುಹೋಗುವುದಿಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಚುಕ್ಕೆ ಜಾರಿ 3.6 ಹೋಗಿ 36 ಆದರೆ ಯೂನಿಟ್ಟು ಅದನ್ನು ಹಿಡಿಯುವುದಿಲ್ಲ, ಬಾಟಲಿ ನೋಡಬೇಕು. ಸಾಧಾರಣ ಸಿರಪ್ ಬಾಟಲಿ 60 ಎಂಎಲ್‌ದು. ಒಂದು ಸಲಕ್ಕೆ ಅರ್ಧ ಬಾಟಲಿಗಿಂತ ಹೆಚ್ಚು ಬರುತ್ತಿದ್ದರೆ ಲೆಕ್ಕ ಎಲ್ಲೋ ಕೆಟ್ಟಿದೆ.

3.6 ಎಂಎಲ್ಲನ್ನು ಬಾಟಲಿಯ ಮುಚ್ಚಳದಲ್ಲಿ ಅಳೆಯಲು ಆಗುವುದಿಲ್ಲ, ಅಡುಗೆ ಮನೆಯ ಚಮಚ ಅಂತೂ ಬೇಡವೇ ಬೇಡ. ಸೂಜಿ ಇಲ್ಲದ 5 ಎಂಎಲ್ ಸಿರಿಂಜು ತನ್ನಿ, ಅದರಲ್ಲಿ 0.2ರ ಗೆರೆಗಳಿರುತ್ತವೆ. ಇನ್ಸುಲಿನ್ ಸಿರಿಂಜಿನ ಮೇಲಿರುವುದು ಇನ್ಸುಲಿನ್ ಯೂನಿಟ್ಟಿನ ಗೆರೆ, ಎಂಎಲ್‌ದಲ್ಲ. ಅಜ್ಜನ ಸಕ್ಕರೆ ಕಾಯಿಲೆಯ ಸಿರಿಂಜಿಗೆ ಕೈ ಹಾಕಬೇಡಿ.

ಗುಳಿಗೆಯ ವಿಷಯದಲ್ಲಿ ನಾನು ಲೆಕ್ಕವನ್ನು ಹಿಂದಿನಿಂದ ಮಾಡು ಎನ್ನುತ್ತೇನೆ. ಕೊಡಲು ಹೊರಟಿರುವುದು ಎಷ್ಟು ಎಂಜಿ ಎಂದು ಮೊದಲು ನೋಡಿ, ಅದನ್ನು ತೂಕದಿಂದ ಭಾಗಿಸಿ, ಉತ್ತರ 10ಕ್ಕೂ 15ಕ್ಕೂ ನಡುವೆ ಬರುತ್ತದೆಯೋ ನೋಡಿ. 22 ಕೆಜಿಯ ಮಗುವಿಗೆ 500ರ ಗುಳಿಗೆಯ ಅರ್ಧ 250 ಎಂಜಿ, ಕೆಜಿಗೆ 11ರ ಮೇಲೆ, ಸರಿ. 650ರ ಅರ್ಧ 325 ಎಂಜಿ, ಕೆಜಿಗೆ 15ಕ್ಕೆ ಚೂರು ಕಡಿಮೆ, ಅದೂ ಸರಿ. ಇಡೀ 650 ಕೊಟ್ಟರೆ ಕೆಜಿಗೆ ಸುಮಾರು 30, ಇದು ತಪ್ಪು. ಗುಳಿಗೆಯನ್ನು ನಡುವಿನ ಗೆರೆಯ ಮೇಲೆ ಅರ್ಧ ಮಾಡಬಹುದು. ಕಾಲು ಭಾಗ ಮಾಡಿದರೆ ಒಂದು ತುಂಡು ದೊಡ್ಡದು, ಒಂದು ಚಿಕ್ಕದು ಆಗಿ ಅಂದಾಜೇ ಉಳಿಯುತ್ತದೆ. ನಿಧಾನವಾಗಿ ಕರಗುವ ಬಗೆಯ ಗುಳಿಗೆಯನ್ನು ಮುರಿಯಲೇಬಾರದು.

ಇನ್ನು ಮೇಲಿನ ಮಿತಿ. ತೂಕಕ್ಕೆ ಗುಣಿಸುವ ಸೂತ್ರಕ್ಕೆ ಎಲ್ಲಿ ನಿಲ್ಲಬೇಕೆಂದು ತಾನಾಗಿ ತಿಳಿಯುವುದಿಲ್ಲ. 14 ವರ್ಷದ, 78 ಕೆಜಿಯ ಹುಡುಗನಿಗೆ 15ರಂತೆ ಗುಣಿಸಿದರೆ 1170 ಎಂಜಿ. ದೊಡ್ಡವರಿಗೇ ಒಂದು ಸಲಕ್ಕೆ 1000 ಎಂಜಿ ಗರಿಷ್ಠ. ಹುಡುಗನಿಗೂ ಅಲ್ಲಿಗೇ ಕಟ್ಟು. ತೂಕ ಬೊಜ್ಜಿನದಾದರೆ ಡಾಕ್ಟರು ಇನ್ನೂ ಕಡಿಮೆ ಹೇಳಬಹುದು. 650ರ ಗುಳಿಗೆ ಎರಡು ಎಂದರೆ 1300, ಅದು ಗಡಿ ದಾಟಿತು. ದಿನದ ಲೆಕ್ಕ ಬೇರೆ: ಸಲಕ್ಕೆ 15ರಂತೆ, ಕನಿಷ್ಠ ನಾಲ್ಕರಿಂದ ಆರು ತಾಸು ಬಿಟ್ಟು, 24 ತಾಸಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಸಲ ಇಲ್ಲ. ಅಂದರೆ ಕೆಜಿಗೆ ದಿನಕ್ಕೆ 60 ಎಂಜಿ, ನಮ್ಮ 12 ಕೆಜಿಯ ಮಗುವಿಗೆ 720. ಮೇಲೆ ಹೇಳಿದ 1500ರ ಪಕ್ಕದಲ್ಲಿ ಈ 720 ಇಟ್ಟು ನೋಡಿ. ಊಟ ಬಿಟ್ಟು ಸೊರಗಿದ ಮಗು, ಲಿವರ್ ತೊಂದರೆ ಇರುವ ಮಗು ಇಷ್ಟನ್ನೂ ತಡೆಯದಿರಬಹುದು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಯಲ್ಲಿ ಲೆಕ್ಕ ಹಾಕುತ್ತ ಕೂರಬಾರದು, ಆಸ್ಪತ್ರೆಗೇ ಹೋಗಬೇಕು.

ದಿನದ ಲೆಕ್ಕ ಕೆಡಿಸುವುದು ಹೆಚ್ಚಾಗಿ ಶೀತದ ಸಿರಪ್. ಎಷ್ಟೋ ಶೀತದ ಸಿರಪ್‌ಗಳಲ್ಲಿ ಪ್ಯಾರಸಿಟಮಾಲ್ ಸೇರಿರುತ್ತದೆ, ಐಬುಪ್ರೊಫೆನ್ ಅಥವಾ ಮೆಫೆನಮಿಕ್ ಆಸಿಡ್ ಬೆರಕೆಯ ಜ್ವರದ ಸಿರಪ್‌ಗಳಲ್ಲೂ ಹಾಗೇ. ಬಾಟಲಿಯ ದೊಡ್ಡ ಹೆಸರು ಬಿಟ್ಟು ಕೆಳಗಿನ ಸಣ್ಣಕ್ಷರ ಓದಿ.

ಡಾಕ್ಟರ ಲೆಕ್ಕವನ್ನು ಮನೆಯಲ್ಲಿ ಬದಲಿಸಿ ಎಂದು ನಾನು ಹೇಳುತ್ತಿಲ್ಲ. ತಾಳೆ ಆಗದಿದ್ದರೆ ಕುಡಿಸುವ ಮೊದಲು ಫೋನ್ ಮಾಡಿ ಕೇಳಿ. ಹಾಗೆಂದು ಜವಾಬ್ದಾರಿ ತಾಯಂದಿರ ಮೇಲೇ ಹೊರಿಸುವುದೂ ನನಗೆ ಸರಿ ಕಾಣುವುದಿಲ್ಲ. ಚೀಟಿಯಲ್ಲಿ "12 ಕೆಜಿ, 180 ಎಂಜಿ, 250/5ರ ಸಿರಪ್ 3.6 ಎಂಎಲ್, ದಿನಕ್ಕೆ ನಾಲ್ಕು ಸಲ ಮೀರಬಾರದು" ಎಂದು ಬರೆಯಲು ಅರ್ಧ ನಿಮಿಷ ಸಾಕು. ಅಂಗಡಿಯವರು ಬದಲಿ ಬಾಟಲಿ ಕೊಡುವಾಗ ಸ್ಟ್ರೆಂತ್ ಬೇರೆ ಎಂದು ಬಾಯಿಬಿಟ್ಟು ಹೇಳಬೇಕು. ತೂಕವೂ ಈಗಿನದೇ ಆಗಿರಲಿ. ತಾಯಿ ಕಾರ್ಡಿನ ಹಳೇ ತೂಕ ನಡೆಯುವುದಿಲ್ಲ, ಅಂಗನವಾಡಿಯಲ್ಲಿ ಹೊಸದಾಗಿ ತೂಗಿಸಬಹುದು.

ಹೆಚ್ಚಾಗಿ ಹೋಗಿದೆ ಎಂದು ಅನುಮಾನ ಬಂದರೆ ಮಗು ಆಡುತ್ತಿದೆಯಲ್ಲ ಎಂದು ಬೆಳಗಾಗುವವರೆಗೆ ಕಾಯಬೇಡಿ. ಪ್ಯಾರಸಿಟಮಾಲ್ ಅತಿಯಾದಾಗ ಮೊದಲ ದಿನ ಮಗು ಚೆನ್ನಾಗಿಯೇ ಕಾಣಬಹುದು, ಲಿವರಿಗೆ ಪೆಟ್ಟು ಬಿದ್ದದ್ದು ಆಮೇಲೆ ತಿಳಿಯುತ್ತದೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧ ಇದೆ, ಎಂಟು ತಾಸಿನೊಳಗೆ ಶುರು ಮಾಡಿದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಜೋಯಿಡಾ ಕಡೆಯ ಹಳ್ಳಿಯಿಂದ ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲೇ ಅದರಲ್ಲಿ ಒಂದಿಷ್ಟು ತಾಸು ಹೋಗಿರುತ್ತದೆ. ಹೊರಡುವಾಗ ಮನೆಯಲ್ಲಿರುವ ಎಲ್ಲ ಬಾಟಲಿ, ಗುಳಿಗೆ ಚೀಟುಗಳನ್ನೂ ತೆಗೆದುಕೊಳ್ಳಿ, ಯಾವಾಗ ಎಷ್ಟು ಕುಡಿಸಿದ್ದೀರಿ ಎಂದು ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.